ಅತ್ತಿಗೆಗೆ ಮಾತ್ರ ನೆಟ್ ಬರ್ತಿತ್ತು: ಟೊರೆಂಟ್‌ನಿಂದ ರೌಟರ್ ತುಂಬಿದ ಒಂದು ಮನೆ ಕೇಸ್

ಇದು ಮಂಡ್ಯದಲ್ಲಿ ನಡೆದ ಕೇಸು. ಮನೆಯವ್ರನ್ನ ಕೇಳ್ಕೊಂಡೇ ಬರೀತಿದೀನಿ, ಆದ್ರೆ ಹೆಸರು, ಬಡಾವಣೆ, ನೆಟ್ ಕಂಪನಿ ಯಾವ್ದೂ ಹೇಳಲ್ಲ, ಗುರುತು ಸಿಗೋ ಕೆಲವು ವಿವರಾನೂ ಬದಲಾಯ್ಸಿದೀನಿ. ನಾನು ಮೈಸೂರು ಮಂಡ್ಯ ಕಡೆ ಮನೆಗಳಿಗೆ, ಸಣ್ಣ ಆಫೀಸ್‌ಗಳಿಗೆ ನೆಟ್‌ವರ್ಕ್ ಕೆಲಸ ಮಾಡ್ಕೊಡೋನು. "ನೆಟ್ ಸ್ಲೋ" ಅನ್ನೋ ಕಂಪ್ಲೇಂಟ್ ದಿನಾ ಬರುತ್ತೆ, ಹೆಚ್ಚಿನವು ವೈಫೈ ಸಿಗ್ನಲ್ದು, ಗೋಡೆ ದಪ್ಪ, ರೌಟರ್ ಟಿವಿ ಹಿಂದೆ ಬಚ್ಚಿಟ್ಟಿರ್ತಾರೆ, ಅಷ್ಟೇ. ಇದು ಹಂಗಲ್ಲ.

ಮನೆ ಮತ್ತೆ ಲೈನು

ಎರಡಂತಸ್ತಿನ ಮನೆ. ಕೆಳಗೆ ನಿವೃತ್ತ ಮೇಷ್ಟ್ರು ಮತ್ತೆ ಅವ್ರ ಹೆಂಡ್ತಿ, ಮೇಲೆ ದೊಡ್ಡ ಮಗ ಸೊಸೆ, ಪಕ್ಕದ ರೂಮಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದ ಚಿಕ್ಕ ಮಗ. ಸೊಸೆ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲ್ಸ ಮಾಡ್ತಾರೆ, ಬೆಳಗ್ಗೆ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಕನೆಕ್ಟ್ ಮಾಡಿದ್ರೆ ಸಂಜೆ ತನಕ ಅದ್ರಲ್ಲೇ. ಫೈಬರ್ ಲೈನು, ಕಂಪನಿಯವ್ರು ಕೊಟ್ಟ ಒಎನ್‌ಟಿ ಬಾಕ್ಸೇ ರೌಟರ್ ಕೂಡ, ವೈಫೈ ಕೂಡ ಅದ್ರಿಂದಲೇ. ಮೊದಲು 50 ಎಂಬಿಪಿಎಸ್ ಪ್ಲಾನ್ ಇತ್ತು.

ಕಾಟ ಶುರುವಾಗಿದ್ದು ಚಿಕ್ಕ ಮಗ ಹೊಸ ಲ್ಯಾಪ್‌ಟಾಪ್ ತಗೊಂಡ ಮೇಲೆ, ಆದ್ರೆ ಆ ಎರಡನ್ನೂ ಜೋಡ್ಸಿ ನೋಡೋದು ಯಾರಿಗೂ ಹೊಳೀಲಿಲ್ಲ, ಯಾಕಂದ್ರೆ ಅದೇ ತಿಂಗಳಲ್ಲಿ ಸೊಸೆ ಕೂಡ ಪೂರ್ತಿ ವರ್ಕ್ ಫ್ರಮ್ ಹೋಮ್‌ಗೆ ಬಂದ್ರು. ಮನೆಯವ್ರ ಅನುಮಾನ ಎಲ್ಲಾ ಅತ್ತ ಹೋಯ್ತು.

ಏನಾಗ್ತಿತ್ತು

ನಾನು ಹೋದಾಗ ಅಮ್ಮಾವ್ರು ಹೇಳಿದ್ದು ಹಿಂಗೆ: "ನೋಡಪ್ಪ, ನೆಟ್ ಬತ್ತದೆ, ಹೋಯ್ತದೆ. ವಾಟ್ಸಾಪಲ್ಲಿ ಗುಡ್ ಮಾರ್ನಿಂಗ್ ಮೆಸೇಜ್ ಬತ್ತದೆ, ಫೋಟೋ ಒತ್ತುದ್ರೆ ಸುತ್ತುತಾ ಕೂತ್ಕತದೆ. ಟಿವೀಲಿ ಹಾಡು ಓಡ್ತಾ ಇದ್ರೆ ಓಡ್ತದೆ, ಮುಂದಿನ್ದು ಹಾಕುದ್ರೆ ಬರಾಕಿಲ್ಲ. ಇವಳಿಗ್ ಮಾತ್ರ ಮೇಲ್ಗಡೆ ಎಲ್ಲಾ ಚೆನ್ನಾಗೇ ಓಡ್ತದೆ." ಕೊನೇ ಮಾತು ಸೊಸೆ ಕಡೆ ನೋಡ್ಕೊಂಡು.

ಮೇಷ್ಟ್ರಿಗೆ ಒಂದು ಮದ್ದು ಗೊತ್ತಿತ್ತು, ಬಾಕ್ಸ್ ಸ್ವಿಚ್ ಆಫ್ ಮಾಡಿ ಆನ್ ಮಾಡೋದು. ಮಾಡಿದ ಮೇಲೆ ಅರ್ಧ ಗಂಟೆ ಒಳ್ಳೆ ನೆಟ್ಟು, ಆಮೇಲೆ ಮತ್ತೆ ಅದೇ ಕಥೆ. ಅವ್ರು ಹಂಗೆ ಆಫ್ ಮಾಡಿದಾಗೆಲ್ಲ ಸೊಸೆ ಮೀಟಿಂಗ್ ಕಟ್ ಆಗ್ತಿತ್ತು. ಸೊಸೆ ಮೇಲಿಂದ "ಮಾವ, ಹೇಳಿ ಆಫ್ ಮಾಡಿ" ಅಂತ ಕೂಗೋದು, ಅತ್ತೆ ಕೆಳಗಿಂದ "ಎಲ್ಲಾ ನೆಟ್ಟೂ ನೀನೇ ಎಳ್ಕಂಡ್ರೆ ನಾವೇನ್ ಮಾಡದು" ಅನ್ನೋದು. ಇದು ನೆಟ್‌ವರ್ಕ್ ಸಮಸ್ಯೆಗಿಂತ ಮುಂದಕ್ಕೆ ಹೋಗಿತ್ತು ಅಂತ ಬೇರೆ ಹೇಳ್ಬೇಕಾಗಿಲ್ಲ.

ನಾನು ಹೋಗೋ ಮುಂಚೆ ಮಾಡಿದ್ದೆಲ್ಲ

ಕಂಪನಿಯ ಹುಡುಗ ಬಂದ, ಸ್ಪೀಡ್ ಟೆಸ್ಟ್ ಹಾಕ್ದ, ಮೊದಲ ಸಲ ಟೆಸ್ಟ್ ಶುರುವೇ ಆಗ್ಲಿಲ್ಲವಂತೆ, ಮತ್ತೆ ಒತ್ತಿದಾಗ ಪೂರ್ತಿ ಸ್ಪೀಡ್ ಬಂತು, "ಲೈನ್ ಓಕೆ ಇದೆ ಸಾರ್" ಅಂತ ಹೋದ. ದೊಡ್ಡ ಮಗ 100 ಎಂಬಿಪಿಎಸ್ ಪ್ಲಾನ್‌ಗೆ ಹೋದ್ರು, ಏನೂ ಬದಲಾಗ್ಲಿಲ್ಲ. ಆಮೇಲೆ ಒಂದು ಒಳ್ಳೆ ರೌಟರೇ ತಂದ್ರು, ಕಡಿಮೆ ದುಡ್ಡಿಂದಲ್ಲ, ಒಎನ್‌ಟಿಯಿಂದ ಒಂದು ಕೇಬಲ್ ಎಳ್ದು ಅದಕ್ಕೆ ಹಾಕಿ ವೈಫೈ ಅದ್ರಿಂದ ಕೊಟ್ರು. ಸಿಗ್ನಲ್ ಚೆನ್ನಾಯ್ತು, ಕಾಟ ಮಾತ್ರ ಹಂಗೇ ಇತ್ತು. ಈ ರೌಟರ್ ವಿಷ್ಯಕ್ಕೆ ಆಮೇಲೆ ಬರ್ತೀನಿ, ಕೇಸಿನ ಮುಖ್ಯ ಪಾಠಗಳಲ್ಲಿ ಅದೂ ಒಂದು.

ಚಿಕ್ಕ ಮಗನ ಟೊರೆಂಟ್ ಮೇಲೂ ಒಂದ್ಸಲ ಅನುಮಾನ ಬಂದಿತ್ತು. ಅವ್ನು ಹಾಕ್ತಿದ್ದಿದ್ದು ಲಿನಕ್ಸ್ ಐಎಸ್‌ಒಗಳು, ಮತ್ತೆ ಇಂಟರ್ನೆಟ್ ಆರ್ಕೈವ್‌ನ ಹಳೇ ರೆಕಾರ್ಡಿಂಗ್‌ಗಳು, ಅದೂ ಇಳ್ಸಿಕೊಂಡು ಸುಮ್ನಿರದೆ ಬೇರೆಯವ್ರಿಗೂ ಸಿಗ್ಲಿ ಅಂತ ಸೀಡ್ ಮಾಡ್ತಾ ಇಟ್ಟಿರೋನು. ಅಣ್ಣ ಹೇಳಿದ್ದಕ್ಕೆ ಡೌನ್‌ಲೋಡ್ ಅಪ್‌ಲೋಡ್ ಎರಡಕ್ಕೂ ಸ್ಪೀಡ್ ಲಿಮಿಟ್ ಹಾಕ್ದ, ಸೆಕೆಂಡಿಗೆ ಕೆಲವೇ ನೂರು ಕೆಬಿ. ನೆಟ್ ಸರಿಹೋಗ್ಲಿಲ್ಲ. ಇನ್ನೊಂದಿನ ಟೊರೆಂಟ್ ಪೂರ್ತಿ ಕ್ಲೋಸ್ ಮಾಡಿ ಒಂದೆರಡು ನಿಮಿಷ ನೋಡಿದ್ರು, ಆಗ್ಲೂ ಪೇಜ್ ಓಪನ್ ಆಗ್ಲಿಲ್ಲ. ಅಲ್ಲಿಗೆ ಅವ್ನು ನಿರ್ದೋಷಿ ಅಂತ ತೀರ್ಮಾನ ಆಯ್ತು. ಎರಡು ಪರೀಕ್ಷೇನೂ ನೋಡೋಕೆ ಸರಿಯಾಗೇ ಇವೆ, ಎರಡೂ ದಾರಿ ತಪ್ಸಿದ್ವು.

ಸುಳಿವು ಸಿಕ್ಕಿದ್ದು ಎಲ್ಲಿ

ಅಮ್ಮಾವ್ರ ಮಾತನ್ನ ಇನ್ನೊಂದ್ಸಲ ಓದಿ. ಮೆಸೇಜ್ ಬರುತ್ತೆ, ಫೋಟೋ ಬರಲ್ಲ. ಓಡ್ತಿರೋ ಹಾಡು ಓಡುತ್ತೆ, ಮುಂದಿನ್ದು ಬರಲ್ಲ. ಸ್ಪೀಡ್ ಕಮ್ಮಿ ಇದ್ರೆ ಎಲ್ಲಾದೂ ಒಟ್ಟಿಗೆ ನಿಧಾನ ಆಗ್ಬೇಕು. ಇಲ್ಲಿ ಆಗ್ತಿದ್ದಿದ್ದು ಬೇರೆ: ಆಗ್ಲೇ ಇರೋ ಕನೆಕ್ಷನ್‌ಗಳು ಆರಾಮಾಗಿದಾವೆ, ಹೊಸ ಕನೆಕ್ಷನ್ ಹುಟ್ತಾ ಇಲ್ಲ. ವಾಟ್ಸಾಪ್ ಮೆಸೇಜ್‌ಗಳು ಆಗ್ಲೇ ತೆರೆದಿರೋ ಒಂದೇ ಕನೆಕ್ಷನ್‌ನಲ್ಲಿ ಬರ್ತಾ ಇರ್ತವೆ, ಫೋಟೋ ಇಳ್ಸೋಕೆ ಫೋನು ಇನ್ನೊಂದು ಹೊಸ ಕನೆಕ್ಷನ್ ತೆಗೀಬೇಕು.

ಸೊಸೆಗೆ ಮಾತ್ರ ಯಾಕೆ ಚೆನ್ನಾಗಿತ್ತು ಅನ್ನೋದಕ್ಕೂ ಇದೇ ಉತ್ತರ. ವಿಪಿಎನ್ ಅಂದ್ರೆ ರೌಟರ್ ಲೆಕ್ಕದಲ್ಲಿ ಒಂದೇ ಕನೆಕ್ಷನ್. ಅದ್ರೊಳಗೆ ಅವ್ರು ನೂರು ಪೇಜ್ ತೆಗೀಲಿ, ರೌಟರ್‌ಗೆ ಕಾಣೋದು ಆಫೀಸ್ ಸರ್ವರ್‌ಗೆ ಹೋಗೋ ಒಂದೇ ಒಂದು ಸಾಲು. ಬಾಕ್ಸ್ ರೀಸ್ಟಾರ್ಟ್ ಆದ ತಕ್ಷಣ ಕೆಲ್ಸ ಬಿದ್ದೋಗುತ್ತೆ ಅಂತ ಅವ್ರೇ ಮೊದಲು ವಿಪಿಎನ್ ಹಾಕ್ತಿದ್ರು, ಆಗ ಜಾಗ ಖಾಲಿ ಇರ್ತಿತ್ತು, ಹಿಡ್ಕೊಂಡಿದ್ದನ್ನ ಸಂಜೆ ತನಕ ಬಿಡ್ತಿರ್ಲಿಲ್ಲ. ಮನೇಲಿ ಎಲ್ರಿಗಿಂತ ಕಮ್ಮಿ ಜಾಗ ತಗೊಂಡೋರೇ ಎಲ್ಲಾ ಎಳ್ಕೊಂಡೋರು ಅನ್ನಿಸ್ಕೊಂಡಿದ್ರು.

ಯಾವ ಜಾಗ ಅಂತ ಕೇಳಿದ್ರೆ: ಮನೆಯೊಳಗಿನ ಎಲ್ಲಾ ಫೋನು, ಲ್ಯಾಪ್‌ಟಾಪ್‌ಗೂ ಹೊರಗಡೆ ಒಂದೇ ಐಪಿ ಅಡ್ರೆಸ್, ಹಾಗಾಗಿ ಯಾವ ಉತ್ತರ ಯಾರಿಗೆ ವಾಪಸ್ ಕೊಡ್ಬೇಕು ಅಂತ ರೌಟರ್ ಒಂದು ಟೇಬಲ್ ಬರ್ಕೊಂಡಿರುತ್ತೆ. ಒಳಗಿನ ಐಪಿ, ಪೋರ್ಟ್, ಹೊರಗಿನ ಐಪಿ, ಪೋರ್ಟ್, ಇಷ್ಟು ಸೇರಿ ಒಂದು ಎಂಟ್ರಿ. ಇದಕ್ಕೆ ನ್ಯಾಟ್ ಟೇಬಲ್, ಕನೆಕ್ಷನ್ ಟ್ರ್ಯಾಕಿಂಗ್ ಅಂತಾರೆ. ದೇವಸ್ಥಾನದ ಮುಂದಿನ ಚಪ್ಪಲಿ ಸ್ಟ್ಯಾಂಡ್ ಥರ, ಟೋಕನ್ ಖಾಲಿ ಆದ್ಮೇಲೆ ರಸ್ತೆ ಎಷ್ಟು ಅಗಲ ಇದ್ರೂ ಹೊಸಬ್ರ ಚಪ್ಪಲಿ ತಗೊಳ್ಳಲ್ಲ, ಆಗ್ಲೇ ಟೋಕನ್ ಇದ್ದೋರಿಗೆ ತೊಂದ್ರೆ ಇಲ್ಲ. ಪ್ಲಾನ್ 50ರಿಂದ 100ಕ್ಕೆ ಹೋದ್ರೆ ರಸ್ತೆ ಅಗಲ ಆಯ್ತು, ಟೋಕನ್ ಅಷ್ಟೇ ಇದೆ.

ಅನುಮಾನ ಗಟ್ಟಿ ಮಾಡ್ಕೊಳೋಕೆ ಒಂದು ಸುಲಭದ ಪರೀಕ್ಷೆ ಮಾಡಿದೆ, ಇದನ್ನ ಯಾರ್ ಬೇಕಾದ್ರೂ ಮಾಡ್ಬೋದು. ಬಾಕ್ಸ್ ರೀಸ್ಟಾರ್ಟ್ ಮಾಡಿದ ತಕ್ಷಣ, ನೆಟ್ ಚೆನ್ನಾಗಿರುವಾಗ್ಲೇ, ಒಂದು ವಿಂಡೋದಲ್ಲಿ ಇದನ್ನ ಓಡ್ಸಿ ಬಿಟ್ಟೆ:

```
ping -t 8.8.8.8
```

ಕಾಟ ಶುರುವಾದ ಮೇಲೂ ಈ ಪಿಂಗ್ ನಿಲ್ಲಲೇ ಇಲ್ಲ, ಟೈಮೂ ಏರಿಲ್ಲ, ಹತ್ತು ಮಿಲಿಸೆಕೆಂಡ್ ಆಸುಪಾಸಲ್ಲೇ ಹೋಗ್ತಿತ್ತು. ಅದೇ ಹೊತ್ತಲ್ಲಿ ಇನ್ನೊಂದು ವಿಂಡೋ ತೆಗೆದು `ping 1.1.1.1` ಹಾಕಿದ್ರೆ `Request timed out.`, `nslookup` ಹಾಕಿದ್ರೆ ಅದೂ ಟೈಮ್‌ಔಟ್. ಹಳೇ ಪಿಂಗ್‌ಗೆ ಟೇಬಲ್‌ನಲ್ಲಿ ಜಾಗ ಇದೆ, ಹೊಸದಕ್ಕಿಲ್ಲ. ಯಾರೋ ಅಪ್‌ಲೋಡ್ ಪೂರ್ತಿ ತುಂಬ್ಸಿ ಲೈನ್ ಜಾಮ್ ಮಾಡಿದ್ರೆ ಚಿತ್ರ ಬೇರೆ ಇರುತ್ತೆ, ಆಗ ಓಡ್ತಿರೋ ಪಿಂಗೇ ಹತ್ತರಿಂದ ಮುನ್ನೂರು ನಾನೂರಕ್ಕೆ ಹಾರುತ್ತೆ, ಎಲ್ರಿಗೂ, ವಿಪಿಎನ್‌ಗೂ ಸೇರಿ. ಇವೆರಡನ್ನ ಬೇರೆ ಮಾಡ್ಕೊಳ್ದೆ ಇದ್ರೆ ಮದ್ದು ತಪ್ಪುತ್ತೆ. ಒಂದು ಎಚ್ಚರಿಕೆ: ಟೇಬಲ್ ತುಂಬಿದ್ರೂ ಹಳೇ ಎಂಟ್ರಿಗಳು ಆಗಾಗ ಉದುರ್ತಾ ಇರ್ತವೆ, ಆ ಸಂದಿಯಲ್ಲಿ ಒಂದೊಂದು ಹೊಸದು ನುಗ್ಗಿಬಿಡುತ್ತೆ, ಅದಕ್ಕೇ ನಾಲ್ಕು ಸಲ ರಿಫ್ರೆಶ್ ಮಾಡಿದ್ರೆ ಪೇಜ್ ಬರೋದು, ಅರ್ಧ ಪೇಜ್ ಬಂದು ಫೋಟೋ ಬರ್ದೇ ಇರೋದು. ಹಾಗಾಗಿ ಈ ಪರೀಕ್ಷೇನ ಒಂದ್ಸಲ ಮಾಡಿ ಬಿಡಬಾರ್ದು, ಬೇರೆ ಬೇರೆ ಅಡ್ರೆಸ್‌ಗೆ ನಾಲ್ಕಾರು ಸಲ ಹಾಕಿ ನೋಡ್ಬೇಕು.

ಲೆಕ್ಕ ಎಲ್ಲಿ ತಪ್ಪಿತ್ತು

ಹುಡುಗನ ಲ್ಯಾಪ್‌ಟಾಪ್‌ನಲ್ಲಿ qBittorrent ಇತ್ತು. ತೆಗೆದು ನೋಡಿದ್ರೆ ಮಾಮೂಲಿ ಸೆಟ್ಟಿಂಗ್ ಅಲ್ಲ. ಯಾವ್ದೋ "ಟೊರೆಂಟ್ ಸ್ಪೀಡ್ ಹತ್ತು ಪಟ್ಟು" ಅನ್ನೋ ವಿಡಿಯೋ ನೋಡಿ, 500 ಇರೋ ಒಟ್ಟು ಕನೆಕ್ಷನ್ ಮಿತಿಯನ್ನ 3000 ಮಾಡಿದ್ದ, ಒಂದು ಟೊರೆಂಟ್‌ಗೆ ಇಷ್ಟೇ ಅನ್ನೋ ಟಿಕ್ ತೆಗ್ದಿದ್ದ, ಕ್ಯೂ ಕೂಡ ಆಫ್, ಅಂದ್ರೆ ಲಿಸ್ಟ್‌ನಲ್ಲಿರೋ ನಲವತ್ತು ಚಿಲ್ಲರೆ ಟೊರೆಂಟ್ ಒಟ್ಟಿಗೇ ಜೀವಂತ. ಇಂಥ ವಿಡಿಯೋಗಳ ಬಗ್ಗೆ ನಂಗೆ ವೈಯಕ್ತಿಕ ಸಿಟ್ಟಿದೆ, ಇರ್ಲಿ.

ಅವ್ನು ಒಪ್ಪಲಿಲ್ಲ, ಒಪ್ಪದೇ ಇದ್ದಿದ್ದು ಒಳ್ಳೇದೇ ಆಯ್ತು, ಯಾಕಂದ್ರೆ ಅವ್ನ ವಾದಕ್ಕೆ ಬೆಲೆ ಇತ್ತು. "ಅಣ್ಣ, ಮಿತಿ 3000 ಇದ್ರೂ ನಿಜವಾಗ್ಲೂ ಅಷ್ಟು ಆಗ್ತಿಲ್ಲ, ನೋಡಿ" ಅಂತ ಈ ಕಮಾಂಡ್ ಹಾಕಿ ತೋರ್ಸಿದ:

```
netstat -an | find /c "ESTABLISHED"
```

ಬಂದಿದ್ದು ಮುನ್ನೂರ ಚಿಲ್ಲರೆ. ಮುನ್ನೂರು ಕನೆಕ್ಷನ್‌ಗೆ ಯಾವ ರೌಟರ್ರೂ ಸಾಯಲ್ಲ, ಅದು ನಿಜ.

ಆದ್ರೆ ಈ ಲೆಕ್ಕದಲ್ಲಿ ಎರಡು ವಿಷ್ಯ ಕಾಣಲ್ಲ. ಮೊದಲ್ನೇದು, ಕನೆಕ್ಟ್ ಆಗದೇ ಇರೋ ಪ್ರಯತ್ನಗಳು. ಟೊರೆಂಟ್‌ಗೆ ಸಿಗೋ ಪೀರ್ ಲಿಸ್ಟ್‌ನಲ್ಲಿ, ಅಂದ್ರೆ ಅದೇ ಫೈಲ್ ಹಂಚ್ಕೊಳ್ತಿರೋ ಬೇರೆಯವ್ರ ಪಟ್ಟೀಲಿ, ಎಷ್ಟೋ ಜನ ಆಗ್ಲೇ ಎದ್ದು ಹೋಗಿರ್ತಾರೆ, ಅವ್ರ ಬಾಗಿಲು ತಟ್ಟಿ ಉತ್ತರ ಬರ್ದೇ ಇದ್ರೂ ರೌಟರ್ ಒಂದು ಎಂಟ್ರಿ ಹಾಕ್ಕೊಂಡು ಕಾಯುತ್ತೆ, ಲಿನಕ್ಸ್ ಆಧಾರದ ರೌಟರ್‌ಗಳಲ್ಲಿ ಮಾಮೂಲಿಯಾಗಿ 120 ಸೆಕೆಂಡ್.

ಎರಡನೇದೇ ದೊಡ್ಡದು, ಯುಡಿಪಿ, ಅಂದ್ರೆ ಮೊದಲೇ ಕನೆಕ್ಷನ್ ಮಾಡ್ಕೊಳ್ದೆ ನೇರ ಪ್ಯಾಕೆಟ್ ಕಳ್ಸೋ ಪದ್ಧತಿ. ಟೊರೆಂಟ್ ಈಗ ಹೆಚ್ಚಾಗಿ ಎರಡು ಕಡೆ ಯುಡಿಪಿ ಬಳ್ಸುತ್ತೆ: ಪೀರ್‌ಗಳ ಜೊತೆ ಡೇಟಾ ಸಾಗ್ಸೋ µTP, ಮತ್ತೆ ಪೀರ್‌ಗಳನ್ನ ಹುಡ್ಕೋ DHT. DHT ಅಂದ್ರೆ ಟ್ರ್ಯಾಕರ್ ಅನ್ನೋ ಒಂದು ಸರ್ವರ್ ಇಲ್ದೇನೇ "ಈ ಫೈಲ್ ಯಾರ ಹತ್ರ ಇದೆ" ಅಂತ ಪ್ರಪಂಚದ ಗುರುತಿಲ್ಲದ ಕಂಪ್ಯೂಟರ್‌ಗಳನ್ನ ಒಂದೊಂದಾಗಿ ಕೇಳ್ತಾ ಹೋಗೋದು. ಪ್ರತಿ ಟೊರೆಂಟ್‌ಗೂ ಈ ಹುಡುಕಾಟ ಮತ್ತೆ ಮತ್ತೆ ನಡೀತಿರುತ್ತೆ. ಲ್ಯಾಪ್‌ಟಾಪ್ ಕಣ್ಣಿಗೆ ಇದೆಲ್ಲಾ ಒಂದೇ ಯುಡಿಪಿ ಸಾಕೆಟ್, `netstat`ನಲ್ಲಿ ಒಂದೇ ಸಾಲು. ರೌಟರ್ ಕಣ್ಣಿಗೆ ಮಾತಾಡ್ಸಿದ ಒಂದೊಂದು ಹೊರಗಿನ ಅಡ್ರೆಸ್ಸೂ ಒಂದೊಂದು ಎಂಟ್ರಿ. ಯುಡಿಪಿಯಲ್ಲಿ "ಮುಗೀತು" ಅಂತ ಹೇಳೋ ಪದ್ಧತಿನೇ ಇಲ್ಲ, ಹಾಗಾಗಿ ರೌಟರ್ ಟೈಮ್ ಮುಗಿಯೋ ತನಕ ಎಂಟ್ರಿ ಇಟ್ಕೊಂಡೇ ಇರುತ್ತೆ. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 20 ಹೊಸ ಅಡ್ರೆಸ್ ಮಾತಾಡ್ಸಿ, ಒಂದೊಂದು ಎಂಟ್ರಿ 180 ಸೆಕೆಂಡ್ ಉಳಿದ್ರೆ, ಯಾವಾಗ್ಲೂ 3600 ಎಂಟ್ರಿ ನಿಂತಿರ್ತವೆ. ಡೇಟಾ ಹೋಗಿದ್ದು ಎಷ್ಟು ಅಂದ್ರೆ ಏನೂ ಇಲ್ಲ ಅನ್ನೋಷ್ಟು. ಸ್ಪೀಡ್ ಲಿಮಿಟ್ ಹಾಕಿದ್ದು ಯಾಕೆ ಕೆಲ್ಸ ಮಾಡ್ಲಿಲ್ಲ ಅನ್ನೋದು ಇಲ್ಲೇ ಇದೆ, ಲಿಮಿಟ್ ಎಣ್ಸೋದು ಬೈಟ್‌ಗಳನ್ನ, ರೌಟರ್ ತುಂಬೋದು ತಲೆ ಎಣಿಕೆಯಿಂದ.

ಕ್ಲೋಸ್ ಮಾಡಿ ಎರಡು ನಿಮಿಷ ನೋಡಿದ ಪರೀಕ್ಷೆ ಸೋತಿದ್ದೂ ಹಿಂಗೇ. ಆಪ್ ಕ್ಲೋಸ್ ಆದ್ರೂ ಎಂಟ್ರಿಗಳು ತಕ್ಷಣ ಹೋಗಲ್ಲ, ಮೇಲಿಂದ ಹೊರಗಿನ ಪೀರ್‌ಗಳು ಇನ್ನೂ ಸ್ವಲ್ಪ ಹೊತ್ತು ಈ ಅಡ್ರೆಸ್‌ಗೆ ಪ್ಯಾಕೆಟ್ ಕಳಿಸ್ತಾನೇ ಇರ್ತಾರೆ, ಎಂಟ್ರಿ ಜೀವ ಉಳ್ಸೋಕೆ ಎಷ್ಟೋ ರೌಟರ್‌ಗಳಿಗೆ ಅದೇ ಸಾಕು. ಮೊದಲು ಕನೆಕ್ಷನ್ ಮಾಡ್ಕೊಂಡು ಮಾತಾಡೋ ಟಿಸಿಪಿ ಕಥೆ ಇನ್ನೂ ಕೆಟ್ಟದು, ಆ ಕಡೆಯವ್ನು ಹೇಳದೆ ಕೇಳದೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಹೋಗಿದ್ರೆ ಆ ಎಂಟ್ರಿ ಲಿನಕ್ಸ್ ಕರ್ನೆಲ್‌ನ ಮೂಲ ಸೆಟ್ಟಿಂಗ್ ಪ್ರಕಾರ 432000 ಸೆಕೆಂಡ್, ಅಂದ್ರೆ 5 ದಿನ ಹಂಗೇ ಕೂತಿರ್ಬೋದು. ಅದಕ್ಕೇ ರೌಟರ್‌ಗೆ ಹಾಕ್ಕೊಳ್ಳೋ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಸಾಫ್ಟ್‌ವೇರ್ ಇದನ್ನ 7440 ಸೆಕೆಂಡ್‌ಗೆ ಇಳ್ಸಿದೆ, ಎರಡು ಗಂಟೆ ನಾಲ್ಕು ನಿಮಿಷ. ಕಂಪನಿ ಬಾಕ್ಸ್‌ನಲ್ಲಿ ಈ ಸೆಟ್ಟಿಂಗ್ ಹೊರಗೆ ಕಾಣೋದೇ ಇಲ್ಲ. ರೀಸ್ಟಾರ್ಟ್ ಮಾಡಿದ್ರೆ ಮಾತ್ರ ಟೇಬಲ್ ಒಂದೇ ಏಟಿಗೆ ಖಾಲಿ, ಹಾಗಾಗಿ ಎಲ್ರ ಕಣ್ಣಿಗೂ ಬಾಕ್ಸೇ ಕೆಟ್ಟಿದೆ ಅನ್ನಿಸ್ತಿತ್ತು.

ಅಳತೆ

ಬಾಯಲ್ಲಿ ಹೇಳಿ ಒಪ್ಸೋದಕ್ಕಿಂತ ತೋರ್ಸೋದೇ ವಾಸಿ. ಅವ್ರ ಹೊಸ ರೌಟರ್‌ನಲ್ಲಿ ಕನೆಕ್ಷನ್ ಎಣಿಕೆ ತೋರ್ಸೋ ಪೇಜ್ ಇರ್ಲಿಲ್ಲ, ಒಎನ್‌ಟಿಯಲ್ಲೂ ಇಲ್ಲ. ನನ್ನ ಹತ್ರ ಓಪನ್‌ಡಬ್ಲ್ಯುಆರ್‌ಟಿ ಹಾಕಿದ ಒಂದು ಹಳೇ ರೌಟರ್ ಯಾವಾಗ್ಲೂ ಬ್ಯಾಗಲ್ಲಿರುತ್ತೆ, ಹೊಸ ರೌಟರ್ ಬಿಚ್ಚಿ ಅದೇ ಜಾಗಕ್ಕೆ ಇದನ್ನ ಹಾಕಿ ಮನೆ ಎಲ್ಲಾ ಇದ್ರ ಮೇಲೆ ತಂದೆ. ಇದ್ರಲ್ಲಿ ಮಿತಿ 16384. ಈಗೆಷ್ಟು ಅಂತ ನೋಡೋದು ಹಿಂಗೆ, ಮೊದಲ್ನೇದು ಒಟ್ಟು, ಎರಡನೇದು ಹುಡುಗನ ಲ್ಯಾಪ್‌ಟಾಪ್ ಒಂದ್ರದ್ದು:

```
cat /proc/sys/net/netfilter/nf_conntrack_count
grep -c 'src=192.168.8.34 ' /proc/net/nf_conntrack
```

ಟೊರೆಂಟ್ ಇಲ್ದೇ ಸಂಜೆ ಹೊತ್ತು ಟಿವಿ, ಫೋನು, ವಿಪಿಎನ್ ಎಲ್ಲಾ ಸೇರಿ ಮುನ್ನೂರು ನಾನೂರರ ಮಧ್ಯೆ ಆಡ್ತಿತ್ತು. ಹುಡುಗ ತನ್ನ ಹಳೇ ಸೆಟ್ಟಿಂಗ್‌ನಲ್ಲೇ ಟೊರೆಂಟ್ ಶುರು ಮಾಡ್ದ. ಸಂಖ್ಯೆ ಏರೋಕೆ ಶುರುವಾಯ್ತು, ಸಾವಿರ, ಎರಡು ಸಾವಿರ, ಹತ್ತಿರತ್ತಿರ ಕಾಲು ಗಂಟೆಗೆ ನಾಲ್ಕು ಸಾವಿರ ದಾಟ್ತು. ಅದ್ರಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಹೆಚ್ಚು ಅವ್ನ ಐಪಿದೇ, ಅದ್ರಲ್ಲೂ ಬಹುಪಾಲು ಯುಡಿಪಿ. ಅವ್ನ `netstat` ಆಗ್ಲೂ ನಾನೂರರ ಒಳಗೇ ಹೇಳ್ತಿತ್ತು. ಎರಡು ಸ್ಕ್ರೀನ್ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಅವ್ನು ಮಾತಾಡ್ಲಿಲ್ಲ, "ಇದನ್ನ ನಂಗೂ ಹಾಕ್ಕೊಡಿ" ಅಂತ ಓಪನ್‌ಡಬ್ಲ್ಯುಆರ್‌ಟಿ ಬಗ್ಗೆ ಕೇಳೋಕೆ ಶುರು ಮಾಡ್ದ.

ಇಲ್ಲಿ ನನಗೇ ಒಂದು ಬೇರೆ ಪ್ರಶ್ನೆ ಎದ್ದಿತು. ನನ್ನ ರೌಟರ್‌ನಲ್ಲಿ ಇನ್ನೂ ಹನ್ನೆರಡು ಸಾವಿರ ಜಾಗ ಖಾಲಿ ಇದೆ, ಟೇಬಲ್ ತುಂಬಿದ್ರೆ ಲಾಗ್‌ನಲ್ಲಿ ಬರ್ಬೇಕಾದ `nf_conntrack: table full, dropping packet` ಅನ್ನೋ ಸಾಲೂ ಬಂದಿಲ್ಲ, ಆದ್ರೂ ನಾಲ್ಕು ಸಾವಿರದ ಆಸುಪಾಸಿಗೆ ಬರ್ತಿದ್ದಂಗೆ ಅಮ್ಮಾವ್ರ ಫೋನಲ್ಲಿ ಫೋಟೋ ನಿಂತೋಯ್ತು. ಅಂದ್ರೆ ಉಸಿರು ಕಟ್ಟಿರೋದು ನನ್ನ ರೌಟರ್‌ನಲ್ಲಲ್ಲ, ಅದ್ರ ಮುಂದೆ.

ಮುಂದೆ ಇರೋದು ಒಎನ್‌ಟಿ. ದೊಡ್ಡ ಮಗ ದುಡ್ಡು ಕೊಟ್ಟು ತಂದ ರೌಟರ್ ಯಾಕೆ ಕೆಲ್ಸಕ್ಕೆ ಬರ್ಲಿಲ್ಲ ಅನ್ನೋದು ಇಲ್ಲಿ ಬಿಡ್ಸಿಕೊಳ್ತು. ಹೊಸ ರೌಟರ್ ಹಾಕಿದ್ರೂ ಒಎನ್‌ಟಿ ರೌಟರ್ ಕೆಲ್ಸ ಬಿಟ್ಟಿರ್ಲಿಲ್ಲ, ಹೊಸ ರೌಟರ್ ಒಂದು ಟೇಬಲ್ ಬರ್ಕೊಳ್ಳುತ್ತೆ, ಅದ್ರ ಮುಂದೆ ಒಎನ್‌ಟಿ ಅದೇ ಕನೆಕ್ಷನ್‌ಗಳನ್ನೆಲ್ಲಾ ಮತ್ತೆ ತನ್ನ ಚಿಕ್ಕ ಟೇಬಲ್‌ನಲ್ಲಿ ಬರ್ಕೊಳ್ಳುತ್ತೆ. ಎರಡು ನ್ಯಾಟ್ ಒಂದ್ರ ಹಿಂದೆ ಒಂದು. ದೊಡ್ಡದು ಎಷ್ಟು ದೊಡ್ಡದಿದ್ರೇನು, ಚಿಕ್ಕದು ತುಂಬಿದ್ರೆ ಎಲ್ಲಾ ನಿಲ್ಲುತ್ತೆ. ನಿಂತ ಜಾಗ ನೋಡಿದ್ರೆ ಬಾಕ್ಸ್‌ನ ಮಿತಿ 4096 ಇರ್ಬೇಕು ಅನ್ಸುತ್ತೆ, ಆದ್ರೆ ಅದ್ರ ಟೈಮ್‌ಔಟ್‌ಗಳು ನನ್ನ ರೌಟರ್ ಥರಾನೇ ಇರ್ಬೇಕು ಅಂತಿಲ್ಲ, ಹಾಗಾಗಿ ಇದು ಅಂದಾಜು.

ತೀರ್ಮಾನಗಳು

ಮಾಡ್ಬೋದಾದ್ದು ಎರಡಿತ್ತು, ಹುಡುಗನ ತಲೆ ಎಣಿಕೆ ಇಳ್ಸೋದು, ಇಲ್ಲ ಟೇಬಲ್ ದೊಡ್ಡದು ಮಾಡೋದು. ಟೊರೆಂಟೇ ಬೇಡ ಅನ್ನೋ ಮೂರನೇ ದಾರಿ ಮೇಷ್ಟ್ರು ಹೇಳಿದ್ರು, ನಾನೇ ಬೇಡ ಅಂದೆ. ಅವ್ನು ಮಾಡ್ತಿರೋದು ತಪ್ಪು ಕೆಲ್ಸ ಏನಲ್ಲ, ಮತ್ತೆ ಮನೇಲಿ ಒಬ್ರನ್ನ ಬಿಟ್ಟು ಇನ್ನೊಬ್ರನ್ನ ಅಪರಾಧಿ ಮಾಡೋಕೆ ನನ್ನ ಕರ್ಸಿರ್ಲಿಲ್ಲ.

ಮೊದಲು ಖರ್ಚಿಲ್ಲದ್ದು. ಒಟ್ಟು ಮಿತಿ `Global maximum number of connections` 150ಕ್ಕೆ ಇಳ್ಸಿದ್ವಿ, ಒಂದು ಟೊರೆಂಟ್‌ಗೆ 30, ಕ್ಯೂ ಮತ್ತೆ ಆನ್ ಮಾಡಿ ಒಂದು ಹೊತ್ತಿಗೆ ಐದು ಟೊರೆಂಟ್ ಮಾತ್ರ. ಇಷ್ಟಕ್ಕೇ ಎಣಿಕೆ ಅರ್ಧಕ್ಕಿಂತ ಕೆಳಗೆ ಬಂತು, ಆದ್ರೂ ಸಾವಿರದ ಮೇಲೇ ಇತ್ತು, ಯಾಕಂದ್ರೆ ಆ 150ರ ಮಿತಿಗೆ DHT ಮಾತುಕತೆ ಸೇರಲ್ಲ. ಈ ವಿಷ್ಯ ಬಹಳ ಜನಕ್ಕೆ ಗೊತ್ತಿಲ್ಲ, ಕನೆಕ್ಷನ್ ಮಿತಿ ಇಳ್ಸಿದ್ವಿ, ಆದ್ರೂ ಕಾಟ ಹೋಗಿಲ್ಲ ಅನ್ನೋರು ಇದನ್ನ ನೋಡ್ಬೇಕು.

DHT ಆಫ್ ಮಾಡೋಕೆ ಹುಡುಗ ಹಿಂದೇಟು ಹಾಕ್ದ, ಪೀರ್ ಸಿಗಲ್ಲ ಅಂತ. ಬರೀ ಮ್ಯಾಗ್ನೆಟ್ ಲಿಂಕ್, ಟ್ರ್ಯಾಕರ್ ಇಲ್ಲ ಅನ್ನೋ ಟೊರೆಂಟ್ ಆಗಿದ್ರೆ ಅವ್ನು ಹೇಳಿದ್ದು ಸರಿ, DHT ಇಲ್ದೇ ಅವು ಶುರುವೇ ಆಗಲ್ಲ. ಆದ್ರೆ ಅವ್ನ ಲಿಸ್ಟ್ ನೋಡಿ: ಉಬುಂಟು, ಡೆಬಿಯನ್‌ಗೆ ಅವ್ರದ್ದೇ ಟ್ರ್ಯಾಕರ್ ಇದೆ, ಇಂಟರ್ನೆಟ್ ಆರ್ಕೈವ್ ಟೊರೆಂಟ್‌ಗಳಿಗೆ ಟ್ರ್ಯಾಕರ್ ಜೊತೆ ವೆಬ್ ಸೀಡೂ ಇರುತ್ತೆ, ಪೀರ್ ಒಬ್ರೂ ಇಲ್ದಿದ್ರೂ ಅವ್ರ ಸರ್ವರ್‌ನಿಂದಲೇ ಇಳಿಯುತ್ತೆ. ಅವ್ನಿಗೆ DHTಯಿಂದ ಆಗ್ತಿದ್ದ ಲಾಭ ಹತ್ತಿರತ್ತಿರ ಸೊನ್ನೆ, ಮನೆಗೆ ಆಗ್ತಿದ್ದ ನಷ್ಟ ಮಾತ್ರ ಪೂರ್ತಿ. ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ನೋಡಿದಾಗ ಇಡೀ ಮನೇದು ಆರುನೂರು ಏಳುನೂರಿನಲ್ಲಿ ನಿಂತಿತ್ತು. ಇಳಿಯೋ ಸ್ಪೀಡ್ ಕಮ್ಮಿ ಆಗಿದ್ಯಾ ಅಂದ್ರೆ ಅದೂ ಇಲ್ಲ, ಒಂದು ಐಎಸ್‌ಒ 100 ಎಂಬಿಪಿಎಸ್ ಲೈನ್ ತುಂಬೋಕೆ ಮೂವತ್ತು ಒಳ್ಳೆ ಪೀರ್ ಬೇಕಾದಷ್ಟಾಯ್ತು.

ಇಲ್ಲಿಗೆ ನಿಲ್ಲಿಸ್ಬೋದಿತ್ತು. ಆದ್ರೆ ಒಬ್ಬನ ಲ್ಯಾಪ್‌ಟಾಪ್ ಸೆಟ್ಟಿಂಗ್ ಮೇಲೆ ಇಡೀ ಮನೆ ನಿಂತಿರೋದು ನಂಗೆ ಸರಿ ಕಾಣ್ಲಿಲ್ಲ, ನಾಳೆ ಆಪ್ ಮತ್ತೆ ಇನ್‌ಸ್ಟಾಲ್ ಮಾಡ್ತಾನೆ, ಸ್ನೇಹಿತ ಬಂದು ಫೋನಲ್ಲಿ ಟೊರೆಂಟ್ ಹಾಕ್ತಾನೆ, ಮತ್ತೆ ಬಾಣ ಸೊಸೆ ಕಡೆ ತಿರುಗುತ್ತೆ. ದುಡ್ಡು ಕೊಟ್ಟು ತಂದ ರೌಟರ್ ಬೇರೆ ಸುಮ್ನೆ ಕೂತಿದೆ. ಹಾಗಾಗಿ ಕಂಪನಿಗೆ ಫೋನ್ ಮಾಡ್ಸಿ ಒಎನ್‌ಟಿಯನ್ನ ಬ್ರಿಡ್ಜ್ ಮೋಡ್‌ಗೆ ಹಾಕಿಸ್ದೆ, ಕಂಪನಿ ಲೈನ್‌ಗೆ ಲಾಗಿನ್ ಆಗೋ ಪಿಪಿಪಿಒಇ ಯೂಸರ್ ನೇಮ್ ಪಾಸ್‌ವರ್ಡ್ ತಗೊಂಡು ಅವ್ರ ರೌಟರ್‌ಗೇ ಹಾಕ್ದೆ. ಬ್ರಿಡ್ಜ್ ಮೋಡ್‌ನಲ್ಲಿ ಒಎನ್‌ಟಿ ಟೇಬಲ್ ಬರ್ಕೊಳಲ್ಲ, ಫೈಬರ್‌ನಿಂದ ಬಂದಿದ್ದನ್ನ ಕೇಬಲ್‌ಗೆ ದಾಟ್ಸುತ್ತೆ ಅಷ್ಟೇ. ಇದಕ್ಕೆ ಮುಂಚೆ ಕೇಳ್ಕೊಬೇಕಾದ ಒಂದು ವಿಷ್ಯ, ಲ್ಯಾಂಡ್‌ಲೈನ್ ಫೋನ್ ಅಥವಾ ಕಂಪನಿಯ ಟಿವಿ ಬಾಕ್ಸ್ ಅದೇ ಒಎನ್‌ಟಿಯಿಂದ ಬರ್ತಿದ್ರೆ ಬ್ರಿಡ್ಜ್ ಮಾಡಿದಾಗ ಅವು ನಿಲ್ಬೋದು. ಈ ಮನೇಲಿ ಎರಡೂ ಇರ್ಲಿಲ್ಲ.

ಆಮೇಲೆ ಬೇಕಂತಲೇ ಕೆಡ್ಸಿ ನೋಡಿದ್ವಿ. ಹುಡುಗನ ಹತ್ರ ಹಳೇ ಸೆಟ್ಟಿಂಗ್ ಎಲ್ಲಾ ವಾಪಸ್ ಹಾಕ್ಸಿ, 3000, DHT ಆನ್, ಕ್ಯೂ ಆಫ್, ಒಂದು ಗಂಟೆ ಓಡ್ಸಿದ್ವಿ. ಅಮ್ಮಾವ್ರು ಕೆಳಗೆ ಕೂತು ಫೋಟೋ ಒತ್ತಿದ್ದೇ ಒತ್ತಿದ್ದು, ಎಲ್ಲಾ ಬಂತು. ಹೊಸ ಪಿಂಗೂ ಬಂತು. ಅಲ್ಲಿಗೆ ಕಟ್ಟಿದ್ದು ಒಎನ್‌ಟಿ ಟೇಬಲ್ಲೇ ಅನ್ನೋದು ಖಾತ್ರಿ ಆಯ್ತು. ಖಾತ್ರಿ ಆದ್ಮೇಲೆ ಸೆಟ್ಟಿಂಗ್ ಮತ್ತೆ 150ಕ್ಕೆ ತಂದು ಬಿಟ್ಟೆ, ಜಾಗ ಇದೆ ಅಂತ ತುಂಬ್ಸೋದೇನೂ ಬೇಕಾಗಿಲ್ಲ.

ಇನ್ನೂ ಉಳಿದಿರೋದು

ರೌಟರ್‌ನ ಸ್ಟೇಟಸ್ ಪೇಜ್‌ನಲ್ಲಿ ಹೊರಗಿನ ಐಪಿ 100.64ರಿಂದ 100.127ರ ಒಳಗೆ ಶುರುವಾಗ್ತಿತ್ತು. ಅಂದ್ರೆ ಕಂಪನಿಯವ್ರೂ ಒಳಗಡೆ ಇನ್ನೊಂದು ದೊಡ್ಡ ನ್ಯಾಟ್ ಇಟ್ಟಿದಾರೆ, ಒಂದೇ ಪಬ್ಲಿಕ್ ಐಪಿಯನ್ನ ಹಲವು ಮನೆಗೆ ಹಂಚಿದಾರೆ, ಸಿಜಿನ್ಯಾಟ್ ಅಂತಾರೆ ಇದಕ್ಕೆ. ಅಲ್ಲಿ ಒಂದೊಂದು ಮನೆಗೂ ಇಷ್ಟೇ ಪೋರ್ಟ್ ಅಂತ ಮಿತಿ ಇಡೋದು ಮಾಮೂಲು, ಆ ಮಿತಿ ನಮ್ಮ ಕೈಲಿ ಇಲ್ಲ, ಯಾವ ರೌಟರ್ ತಂದ್ರೂ ಅದು ಜಾಸ್ತಿ ಆಗಲ್ಲ. ಈ ಮನೇಲಿ ನಮ್ಮ ಪರೀಕ್ಷೆ ಆ ಮಿತಿ ಮುಟ್ಲಿಲ್ಲ. ಬ್ರಿಡ್ಜ್ ಮಾಡಿ, ಒಳ್ಳೆ ರೌಟರ್ ಹಾಕಿ, ಆ ರೌಟರ್‌ನ ಟೇಬಲ್‌ನಲ್ಲಿ ಜಾಗ ಇದ್ದೂ ಹೊಸ ಕನೆಕ್ಷನ್ ಹುಟ್ತಿಲ್ಲ ಅಂದ್ರೆ ಮುಂದಿನ ಅನುಮಾನ ಅಲ್ಲಿಗೇ ಹೋಗ್ಬೇಕು, ಆಗ ಇರೋದು ಕ್ಲೈಂಟ್ ಮಿತಿ ಇಳ್ಸೋದು ಅಥವಾ ದುಡ್ಡು ಕೊಟ್ಟು ಪಬ್ಲಿಕ್ ಐಪಿ ತಗೊಳೋದು.

ಹುಡುಗ ಪಬ್ಲಿಕ್ ಐಪಿ ತಗೊಳೋಣ ಅಂತ ಅಣ್ಣನ ಹಿಂದೆ ಬಿದ್ದಿದ್ದ, ಸೀಡ್ ಮಾಡೋಕೆ ಹೊರಗಿನವ್ರು ನೇರ ಒಳಗೆ ಬರೋ ಹಾಗಿದ್ರೆ ಒಳ್ಳೇದು ಅಂತ. ಅವ್ನ ಲೆಕ್ಕದಲ್ಲಿ ಅದು ನಿಜವೇ. ತಿಂಗಳಿಗೆ ಎಷ್ಟು ಅಂತ ಕೇಳಿದ ಮೇಷ್ಟ್ರು, ಮೊದಲು ನಿನ್ ಬ್ಯಾಕ್‌ಲಾಗ್ ಕ್ಲಿಯರ್ ಆಗ್ಲಿ ಅಂದ್ರು. ಈಗಲೂ 100.64ರ ಹಿಂದೆನೇ ಇದಾರೆ, ಪ್ಲಾನ್ ವಾಪಸ್ 50ಕ್ಕೆ ಇಳ್ಸಿದಾರೆ.